ನಿಮಗೆ ಆ ಭಾಷೆ ಬರಬೇಕಾಗಿಲ್ಲ, ಕಾರ್ಡು ಹಿಡಿದು ಕೂತರೆ ಸಾಕು

ಈಗಷ್ಟೇ ಒಂದು ಮಗುವಿನ ಹಿಂದಿ ನೋಟ್‌ಬುಕ್ ನೋಡಿ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಪಾಠದ ಕೊನೆಯಲ್ಲಿರುವ ಒಂದೊಂದು ಪದವನ್ನೂ ಹತ್ತು ಹತ್ತು ಸಲ ಬರೆಸಿದ್ದಾರೆ. ‘ಕಿತಾಬ್’ ಬರೆಯುವಾಗ ಮಗು ಮೊದಲು ‘ಕಿ’ಯನ್ನು ಹತ್ತು ಸಾಲು ಕೆಳಗಿಳಿಸಿದೆ, ಆಮೇಲೆ ಅದರ ಪಕ್ಕದಲ್ಲಿ ಹತ್ತು ‘ತಾ’, ಕೊನೆಗೆ ಹತ್ತು ‘ಬ’. ಪದ ಅಂತ ಒಂದು ಸಲವೂ ಬರೆದಿಲ್ಲ, ಅಕ್ಷರದ ಕಂಬ ನಿಲ್ಲಿಸಿದೆ. ಮೊದಲ ಸಾಲಿನಲ್ಲಿ ತಪ್ಪಿದ ಸ್ವರಚಿಹ್ನೆ ಹತ್ತೂ ಸಾಲಿನಲ್ಲಿ ತಪ್ಪಿದೆ. ಅಮ್ಮನನ್ನು ಕೇಳಿದರೆ, “ನಮಗೆ ಹಿಂದಿ ಬರಲ್ಲ, ಬರೆಸೋದು ಬಿಟ್ಟು ಇನ್ನೇನು ಮಾಡೋಕಾಗುತ್ತೆ?” ಅಂದರು.

ಮಕ್ಕಳಿಗೆ ಭಾಷೆ ಕಲಿಸುವುದೇ ನನ್ನ ಕೆಲಸ ಅಂತ ನಿಮಗೆಲ್ಲ ಗೊತ್ತು. ಈ ಮಾತು ಎಷ್ಟು ಸಲ ಕೇಳಿದರೂ ನನಗೆ ಹೊಟ್ಟೆ ಉರಿಯುತ್ತದೆ. ಹಿಂದಿ ಹೇಳಿಕೊಡಿ ಅಂತ ನಿಮ್ಮನ್ನು ಯಾರೂ ಕೇಳುತ್ತಿಲ್ಲ. ಹೇಳಿಕೊಡುವುದಕ್ಕೆ ಟೀಚರ್ ಇದ್ದಾರೆ. ಕಲಿತ ಪದವನ್ನು ಮಗು ನೋಡದೆ ನೆನಪಿಸಿಕೊಳ್ಳುವ ಹಾಗೆ ಮಾಡುವುದು ಮನೆಯ ಕೆಲಸ, ಅದಕ್ಕೆ ಭಾಷೆ ಬರಬೇಕಾಗಿಲ್ಲ. ಹತ್ತು ನಿಮಿಷ, ಎಂಟು ಚಿಕ್ಕ ಕಾರ್ಡು, ಒಂದು ಪಠ್ಯಪುಸ್ತಕ ಇದ್ದರೆ ಆಯಿತು.

ಕಾರ್ಡನ್ನು ಮಗುವೇ ಬರೆಯಲಿ. ಒಂದು ಬದಿಯಲ್ಲಿ ಕನ್ನಡ ಅರ್ಥ, ಇನ್ನೊಂದು ಬದಿಯಲ್ಲಿ ಪುಸ್ತಕ ನೋಡಿಕೊಂಡು ಹಿಂದಿ ಪದ. ಬರೀ ‘ಕಿತಾಬ್’ ಅಂತ ಬರೆಯಬಾರದು, ‘ಮೇರೀ ಕಿತಾಬ್’ ಅಂತ ಬರೆಯಬೇಕು. ‘ಮನೆ’ ಅನ್ನುವ ಕಾರ್ಡಿನ ಹಿಂದೆ ‘ಮೇರಾ ಘರ್’, ‘ಕಣ್ಣು’ ಹಿಂದೆ ‘ಮೇರೀ ಆಂಖ್’, ‘ಕೈ’ ಹಿಂದೆ ‘ಮೇರಾ ಹಾಥ್’. ಹಿಂದಿಯಲ್ಲಿ ವಸ್ತುವಿಗೂ ಲಿಂಗವಿದೆ, ‘ನನ್ನ’ ಅನ್ನುವುದಕ್ಕೆ ಪುಲ್ಲಿಂಗವಾದರೆ ‘ಮೇರಾ’, ಸ್ತ್ರೀಲಿಂಗವಾದರೆ ‘ಮೇರೀ’. ಕನ್ನಡದಲ್ಲಿ ಪುಸ್ತಕ, ಮನೆ, ಕಣ್ಣು, ಕೈ ಎಲ್ಲವೂ ನಪುಂಸಕ ಲಿಂಗ, ಆದ್ದರಿಂದ ನಮ್ಮ ಮಕ್ಕಳಿಗೆ ವಸ್ತುವಿಗೆ ಗಂಡು ಹೆಣ್ಣು ಅನ್ನುವ ಯೋಚನೆಯೇ ಬರುವುದಿಲ್ಲ. ಪದದ ಜೊತೆಗೇ ‘ಮೇರಾ’, ‘ಮೇರೀ’ ಬಾಯಿಗೆ ಕೂತುಬಿಟ್ಟರೆ ಮುಂದೆ ವಾಕ್ಯ ಬರೆಯುವಾಗ ಲಿಂಗವನ್ನು ಊಹಿಸುವ ಪಾಡು ತಪ್ಪುತ್ತದೆ. ‘ಈ’ಕಾರದಲ್ಲಿ ಮುಗಿದರೆ ಸ್ತ್ರೀಲಿಂಗ ಅನ್ನುವ ಸೂತ್ರವನ್ನೇ ನೆಚ್ಚಿಕೊಂಡ ಮಗು ‘ಪಾನೀ’ ಹತ್ತಿರ ಎಡವುತ್ತದೆ, ಯಾಕೆಂದರೆ ಅದು ಪುಲ್ಲಿಂಗ.

ಕಾರ್ಡು ತಪ್ಪಾಗಿದ್ದರೆ ಮಗು ತಪ್ಪನ್ನೇ ಕಲಿಯುತ್ತದೆ, ಹಾಗಾಗಿ ನೀವು ಒಂದು ಸಲ ತಾಳೆ ನೋಡಲೇಬೇಕು. ಲಿಪಿ ಬರದಿದ್ದರೂ ಇದು ಆಗುತ್ತದೆ. ಕಾರ್ಡನ್ನು ಪುಸ್ತಕದ ಪದದ ಕೆಳಗಿಟ್ಟು ಎಡದಿಂದ ಬಲಕ್ಕೆ ಒಂದೊಂದೇ ಆಕಾರ ಹೋಲಿಸಿ. ಕನ್ನಡದ ಮಕ್ಕಳು ಪದೇ ಪದೇ ಮಾಡುವ ತಪ್ಪು ಹ್ರಸ್ವ ಇಕಾರದ್ದು. ನಮ್ಮ ಗುಡಿಸು ಅಕ್ಷರದ ತಲೆಯ ಮೇಲೆ ಕೂರುತ್ತದೆ. ದೇವನಾಗರಿಯಲ್ಲಿ ಹ್ರಸ್ವ ಇಕಾರದ ಗೆರೆ ಅಕ್ಷರದ ಎಡಗಡೆ, ದೀರ್ಘದ್ದು ಬಲಗಡೆ. ಮಗು ‘ಕ’ ಬರೆದು, ಉಚ್ಚರಿಸಿದ ಕ್ರಮದಲ್ಲೇ ಗೆರೆಯನ್ನು ಬಲಕ್ಕೆ ಎಳೆದರೆ ‘ಕಿತಾಬ್’ ಹೋಗಿ ‘ಕೀತಾಬ್’ ಆಗುತ್ತದೆ. ಆ ಗೆರೆಯ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಪುಸ್ತಕದಲ್ಲಿ ಅದು ಎಡಕ್ಕಿದೆ, ಮಗುವಿನ ಕಾರ್ಡಿನಲ್ಲಿ ಬಲಕ್ಕಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. “ಇದು ತಪ್ಪು” ಅನ್ನಬೇಡಿ. “ಎರಡೂ ಒಂದೇ ಥರ ಇದೆಯಾ, ನೋಡು” ಅನ್ನಿ. ಮಗುವೇ ಹುಡುಕಿ ತಿದ್ದಲಿ.

ಇನ್ನು ಕೇಳುವ ಕ್ರಮ. ಕನ್ನಡದ ಬದಿಯನ್ನು ಮಾತ್ರ ತೋರಿಸಿ, ಹಿಂದಿ ಹೇಳಿಸಿ. ಬಹಳ ಮನೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಹಿಂದಿ ಪದ ತೋರಿಸಿ ಅರ್ಥ ಕೇಳುತ್ತಾರೆ, ಮಗು ಪಟಪಟ ಅಂತ ಹೇಳುತ್ತದೆ, “ಎಲ್ಲಾ ಬರುತ್ತೆ” ಅಂತ ಪುಸ್ತಕ ಮುಚ್ಚುತ್ತಾರೆ. ಕಂಡ ಪದವನ್ನು ಗುರುತು ಹಿಡಿಯುವುದು ಸುಲಭ. ಪರೀಕ್ಷೆಯಲ್ಲಿ ವಾಕ್ಯ ಬರೆಯುವಾಗ ಪದ ತಾನಾಗಿಯೇ ನೆನಪಿಗೆ ಬರಬೇಕು. ಕಾರ್ಡು ತಿರುಗಿಸಿ ಕೇಳಿದರೆ ನಿಲ್ಲುವ ಮಗುವಿಗೆ ಆ ಪದ ಇನ್ನೂ ಬಂದಿಲ್ಲ ಅಂತಲೇ ಲೆಕ್ಕ.

ಕೇಳಿದ ಮೇಲೆ ಸುಮ್ಮನಿರಿ, ಮನಸ್ಸಿನಲ್ಲೇ ಐದು ಎಣಿಸಿ. ಭಾಷೆ ಬಲ್ಲ ಅಪ್ಪ ಅಮ್ಮ ಇಲ್ಲೇ ಕೆಡಿಸುವುದು. ಮಗು ತಡವರಿಸಿದ ತಕ್ಷಣ “ಕಿ... ಕಿತಾ...” ಅಂತ ಎತ್ತಿಕೊಟ್ಟುಬಿಡುತ್ತಾರೆ. ನಿಮಗೆ ಎತ್ತಿಕೊಡಲು ಬರುವುದೇ ಇಲ್ಲ, ಮಗುವೇ ನೆನಪು ಮಾಡಿಕೊಳ್ಳಬೇಕು. ಇದು ಭಾಷೆ ಬರದವರಿಗಿರುವ ನಿಜವಾದ ಅನುಕೂಲ. ಬರಲಿಲ್ಲವೋ, ಕಾರ್ಡು ತಿರುಗಿಸಿ ಓದಿಸಿ, ಮೂರು ನಾಲ್ಕು ಕಾರ್ಡುಗಳ ಹಿಂದೆ ಸೇರಿಸಿ. ಕೂಡಲೇ ಮತ್ತೆ ಕೇಳಿದರೆ ಕಿವಿಯಲ್ಲಿ ಉಳಿದಿದ್ದನ್ನೇ ವಾಪಸ್ ಹೇಳುತ್ತದೆ, ಅದು ನೆನಪಲ್ಲ.

ಸರಿ ಬಂದ ಕಾರ್ಡನ್ನು ಎತ್ತಿಟ್ಟು ಮರೆಯಬೇಡಿ. ಇದೇ ದೊಡ್ಡ ತಪ್ಪು. 2008ರಲ್ಲಿ ಕಾರ್ಪಿಕೆ ಮತ್ತು ರೋಡಿಗರ್ ಅನ್ನುವ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಕಲಿಸಿ ಒಂದು ಪರೀಕ್ಷೆ ಮಾಡಿದ್ದರು. ಒಮ್ಮೆ ಸರಿ ಹೇಳಿದ ಪದವನ್ನೂ ಮತ್ತೆ ಮತ್ತೆ ನೆನಪಿಸಿಕೊಂಡು ಹೇಳಿದವರಿಗೆ ವಾರದ ನಂತರ ಸುಮಾರು 80 ಶೇಕಡಾ ನೆನಪಿತ್ತು. ಒಮ್ಮೆ ಸರಿ ಹೇಳಿದ ಮೇಲೆ ಆ ಪದವನ್ನು ಮತ್ತೆ ನೆನಪಿಸಿಕೊಂಡು ಹೇಳದವರಿಗೆ ಸುಮಾರು ಮೂರನೇ ಒಂದು ಭಾಗ ಮಾತ್ರ. ಆ ಪದಗಳನ್ನು ಮತ್ತೆ ಮತ್ತೆ ಓದಿಕೊಂಡಿದ್ದರಿಂದ ಹೆಚ್ಚೇನೂ ಸಿಗಲಿಲ್ಲ. ಆದ್ದರಿಂದ ಇವತ್ತು ಸರಿ ಬಂದದ್ದನ್ನು ನಾಳೆ ಕೇಳಿ, ಆಮೇಲೆ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು. ಕಾರ್ಡಿನ ಮೂಲೆಯಲ್ಲಿ ಮುಂದೆ ಕೇಳುವ ತಾರೀಖು ಬರೆದಿಟ್ಟರೆ ಗೊಂದಲವಿಲ್ಲ. ಯಾವಾಗ ತಪ್ಪಿದರೂ ಆ ಕಾರ್ಡು ಮತ್ತೆ ‘ನಾಳೆ’ಗೆ. ಹಳೆಯ ಕಾರ್ಡು ಹೆಚ್ಚಾದ ದಿನ ಹೊಸ ಪದ ಬೇಡ.

“ಉಚ್ಚಾರಣೆ ತಪ್ಪಾದರೆ ನಮಗೆ ಹೇಗೆ ಗೊತ್ತಾಗಬೇಕು?” ಅಂತ ಕೇಳುತ್ತೀರಿ, ಸರಿ. ಎಂಟು ಪದಗಳನ್ನು ಓದಿ ವಾಯ್ಸ್ ಮೆಸೇಜ್ ಕಳಿಸಿ ಅಂತ ಟೀಚರನ್ನು ಕೇಳಿ. ಅವರಿಗೆ ಒಂದು ನಿಮಿಷದ ಕೆಲಸ. ಮೊದಲು ಮಗು ಹೇಳಿ ರೆಕಾರ್ಡ್ ಮಾಡಲಿ, ಆಮೇಲೆ ಟೀಚರದ್ದು ಹಾಕಿ. ಎರಡನ್ನೂ ಬೆನ್ನು ಬೆನ್ನಿಗೆ ಕೇಳಿದರೆ ‘ಹಾಥ್’ ಬದಲು ‘ಹಾತ್’ ಅಂದಿದ್ದು ಗಮನವಿಟ್ಟ ಕನ್ನಡ ಕಿವಿಗೆ ಗೊತ್ತಾಗಬಹುದು, ತ ಥ ವ್ಯತ್ಯಾಸ ನಮ್ಮ ಅಕ್ಷರಮಾಲೆಯಲ್ಲೂ ಇದೆಯಲ್ಲ. ಟ್ಯೂಷನ್ ಹಾಕಿದರೆ ಸಾಲದೇ ಅನ್ನುವವರಿಗೂ ಹೇಳುತ್ತೇನೆ: ಟ್ಯೂಷನ್ನಿನಲ್ಲಿ ಇನ್ನೊಂದು ಸಲ ವಿವರಿಸುತ್ತಾರೆ, ಆದರೆ ನಿಮ್ಮ ಮಗುವಿಗೆ ಯಾವ ಪದ ಯಾವ ದಿನ ಮರೆಯಿತು ಅಂತ ಲೆಕ್ಕ ಇಡುವವರು ಅಲ್ಲಿ ಯಾರೂ ಇಲ್ಲ.

ಪ್ರಬಂಧ, ಪತ್ರ, ಸ್ವಂತ ವಾಕ್ಯಗಳನ್ನು ಮಾತ್ರ ತಿದ್ದಲು ಹೋಗಬೇಡಿ. ಅದು ನಿಮ್ಮಿಂದ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಪಾಠದ ಒಂದು ಪ್ಯಾರಾವನ್ನು ವಾಕ್ಯ ವಾಕ್ಯವಾಗಿ ಕನ್ನಡದಲ್ಲಿ ಹೇಳಿಸಿ. ಗೊತ್ತಿರುವ ವಾಕ್ಯವನ್ನು ಮಗು ಸರಾಗವಾಗಿ ಹೇಳುತ್ತದೆ. ಗೊತ್ತಿಲ್ಲದಿದ್ದಲ್ಲಿ ದನಿ ಇಳಿಯುತ್ತದೆ, ಪದಗಳನ್ನು ನುಂಗುತ್ತದೆ, ಇಲ್ಲವೇ ಒಂದು ಸಾಲನ್ನೇ ಹಾರಿಸುತ್ತದೆ. ಅಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಗುರುತು ಹಾಕಿ. ಫೋನಿನಲ್ಲಿ ಅನುವಾದ ಹುಡುಕಿ ಓದಿಸಬೇಡಿ, ಹಾಗೆ ಮಾಡಿದರೆ ಆ ಗುರುತು ಟೀಚರಿಗೆ ಕಾಣುವ ಮೊದಲೇ ಅಳಿಸಿದ ಹಾಗೆ. ಮರುದಿನ ಮಗು ಪುಸ್ತಕ ತೆಗೆದುಕೊಂಡು ಹೋಗಿ “ಮಿಸ್, ಈ ಸಾಲು ಅರ್ಥ ಆಗಲಿಲ್ಲ” ಅಂತ ತಾನೇ ಕೇಳಲಿ. ಉತ್ತರ ತಂದ ಮೇಲೆ ಅದೇ ಸಾಲನ್ನು ಸಂಜೆ ನಿಮಗೆ ಕನ್ನಡದಲ್ಲಿ ವಿವರಿಸಲಿ. ಆಗ ತಡವರಿಸದೆ ಹೇಳಿದರೆ ಗುರುತು ಅಳಿಸಿ, ಇಲ್ಲದಿದ್ದರೆ ಬಿಡಿ, ಇನ್ನೊಂದು ಸಲ ಕೇಳಿಕೊಂಡು ಬರಲಿ.