ಒಂದು, ಆರು, ಹನ್ನೊಂದು

ಮ್ಯೂನಿಕ್‌ನ ನಮ್ಮ ಕಟ್ಟಡದಲ್ಲಿ, ಅಂಚೆಪೆಟ್ಟಿಗೆಗಳ ಪಕ್ಕ ಯಾರೋ ಚೀಟಿ ಅಂಟಿಸಿದ್ದರು: ‘ಮೂರನೆಯ ಮಹಡಿಯವರ ವೈಫೈ 3ನೇ ಚಾನೆಲ್‌ನಲ್ಲಿದೆ. ದಯವಿಟ್ಟು 1, 6 ಅಥವಾ 11ಕ್ಕೆ ಬದಲಿಸಿ.’ ನಾನಿರುವುದು ಎರಡನೆಯದರಲ್ಲಿ. ಆದರೂ ಚುಚ್ಚಿದಂತಾಯಿತು. ಭಾನುವಾರ ಗೋಡೆ ಕೊರೆಯುವಂತಿಲ್ಲ, ಇನ್ನು ವೈಫೈಗೂ ಕಟ್ಟುಪಾಡೇ?

ಸಿಟ್ಟಿಳಿದ ಮೇಲೆ ನೋಡಿದರೆ ಚೀಟಿಯ ಮಾತು ಸರಿಯಾಗಿಯೇ ಇತ್ತು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದು ವೈಫೈಗೆ ಬೇಕಾದ ಜಾಗವೋ ಸುಮಾರು 20. ಖಾಲಿ ಕಂಡಿತೆಂದು 3ರಲ್ಲಿ ಕುಳಿತವರು 1 ಮತ್ತು 6ರಲ್ಲಿರುವವರಿಬ್ಬರಿಗೂ ಅಡ್ಡ ಬರುತ್ತಾರೆ. ಒಂದೇ ಚಾನೆಲ್‌ನಲ್ಲಿರುವ ರೌಟರ್‌ಗಳು ಪರಸ್ಪರರನ್ನು ಗುರುತಿಸಿ ಸರದಿ ಕಾಯುತ್ತವೆ. ಅರ್ಧಂಬರ್ಧ ಒಂದರ ಮೇಲೊಂದು ಬಿದ್ದ ಚಾನೆಲ್‌ಗಳದ್ದು ಮಾತ್ರ ಬರೀ ಗದ್ದಲ. ಮಾಹಿತಿ ಕೆಟ್ಟು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ.

ನನ್ನ ಮನೆಯಲ್ಲಿ ಮೊಬೈಲ್ ಆ್ಯಪ್ ತೆರೆದು ನೋಡಿದೆ. 6ರಲ್ಲಿ ಎರಡೇ ಜಾಲಗಳು, ಆದರೆ ಎರಡರ ಸದ್ದಿನ ಮಟ್ಟವೂ ಮೈನಸ್ 50ರ ಆಸುಪಾಸು, ಅಂದರೆ ಗೋಡೆಯಾಚೆಯವರು. 11ರಲ್ಲಿ ಏಳು, ಅದರಲ್ಲೂ ಕೆಲವು ಜೋರಿನವು. 1ರಲ್ಲಿ ಐದಿದ್ದರೂ ಎಲ್ಲವೂ ಮೈನಸ್ 85ರ ಆಚೆ. ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸದ್ದು ಜೋರು. ತಲೆ ಎಣಿಸಿ 6ಕ್ಕೆ ಹೋಗುವವರೇ ಹೆಚ್ಚು. ನಾನು 1ಕ್ಕೆ ಹೋದೆ.

ಬೆಂಗಳೂರಿನಲ್ಲಿ ಈ ಲೆಕ್ಕವನ್ನು ಯಾರು ಮಾಡುತ್ತಾರೆ? ವಿಡಿಯೊ ನಿಂತರೆ ನನ್ನ ತಮ್ಮ ಇನ್ನೂ ನಾಲ್ಕು ಆಂಟೆನಾ ಇರುವ ರೌಟರ್ ತರುತ್ತಾನೆ, ಮರುವಾರ ಎದುರು ಮನೆಯವರೂ ತರುತ್ತಾರೆ. ರೌಟರ್ ಎಷ್ಟೇ ದೊಡ್ಡದಾದರೂ ಫೋನಿನ ದನಿ ಅಷ್ಟೇ ಸಣ್ಣದಾಗಿ ಉಳಿಯುತ್ತದೆ, ಪಕ್ಕದವರ ಗದ್ದಲವೂ ತಗ್ಗುವುದಿಲ್ಲ. ‘ಆಟೊ’ದಲ್ಲಿ ಬಿಟ್ಟಿದ್ದೇನೆ ಎನ್ನುತ್ತಾನೆ. ಹಲವು ರೌಟರ್‌ಗಳು ಚಾನೆಲ್ ಆರಿಸುವುದು ಆನ್ ಆಗುವಾಗ ಮಾತ್ರ. ಕರೆಂಟು ಹೋಗಿ ಬಂದಾಗ ಇಡೀ ಅಪಾರ್ಟ್‌ಮೆಂಟಿನ ರೌಟರ್‌ಗಳು ಒಟ್ಟಿಗೇ ಎದ್ದು, ಒಂದೇ ಚಾನೆಲ್ ಖಾಲಿಯೆಂದು ನಂಬಿ ಅಲ್ಲಿಗೇ ನುಗ್ಗಬಹುದು. ನಮ್ಮ ಊರಿನ ಸಂಚಾರದ ಬಗ್ಗೆ ಬೇರೆ ಹೇಳಬೇಕೇ!

ಆದರೆ ಮೂರನೆಯ ಮಹಡಿಯಲ್ಲಿರುವುದು ಒಬ್ಬ ವೃದ್ಧೆ. ಚೀಟಿ ಓದಿದ್ದರು, ರೌಟರಿನ ಒಳಹೊಕ್ಕುವುದು ತಿಳಿದಿರಲಿಲ್ಲ. ಚೀಟಿ ಬರೆದವರಿಗೆ ಅವರ ಬಾಗಿಲು ತಟ್ಟಬೇಕೆನಿಸಲಿಲ್ಲ. ನಮ್ಮ ಕಡೆ ಎದುರು ಮನೆಯವರು ಬೈಯುತ್ತಲೇ ಒಳಗೆ ಬಂದು, ಕಾಫಿ ಕುಡಿದು, ತಾವೇ ಸರಿಪಡಿಸಿ ಹೋಗುತ್ತಿದ್ದರು, ಅಷ್ಟನ್ನು ಒಪ್ಪಲೇಬೇಕು. ಕೊನೆಗೆ ನಾನೇ ಹೋದೆ. ಚಾನೆಲ್ ಅಗಲ 40 ಮೆಗಾಹರ್ಟ್ಸ್‌ಗಿತ್ತು, ಅಂದರೆ ತರಂಗಪಟ್ಟಿಯ ಅರ್ಧದಷ್ಟನ್ನು ಅವರೊಬ್ಬರೇ ಹಿಡಿದಿದ್ದರು. ಅದನ್ನು 20ಕ್ಕೆ ಇಳಿಸಿ, ಅವರ ಕೋಣೆಯಲ್ಲಿ ಸದ್ದು ಕಡಿಮೆಯಿದ್ದ 11ಕ್ಕೆ ಹಾಕಿದೆ. ಅಷ್ಟು ಶಿಸ್ತಿನ ಚೀಟಿಯಲ್ಲಿ ಅಗಲದ ಮಾತೇ ಇರಲಿಲ್ಲ.