ಚೀಲದ ತೂಕವೂ ಸೇರಿದ ಅರವತ್ನಾಲ್ಕು ಜಿಬಿ

ನಮ್ಮ ಕಾಕಾ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಾರೆ. ಟೆಂಡರ್ ದಿನ ಬೆಳಿಗ್ಗೆ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು, ಅಂಗೈಯಲ್ಲಿ ಹರಡಿಕೊಂಡು, ಬಣ್ಣ ಸರಿಯಾಗಿ ಕಾಣುವಂತೆ ಬಿಸಿಲಿಗೆ ಹಿಡಿದು ಫೋಟೊ ತೆಗೆದು ಪರ ಊರಿನ ಖರೀದಿದಾರರಿಗೆ ವಾಟ್ಸ್‌ಆ್ಯಪ್ ಮಾಡುವುದೂ ಅವರ ಪಾಲಿಗೇ ಬಂದಿದೆ. ಕಳೆದ ಸುಗ್ಗಿಯಲ್ಲಿ ಅವರ ಫೋನಿನ ಕ್ಯಾಮೆರಾ ತೆರೆಯಲು ಏಳು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಹಮಾಲರು ಚೀಲ ಹೊಲಿದು ಪಕ್ಕಕ್ಕೆ ಸರಿಸಿರುತ್ತಿದ್ದರು. ಫೋಟೊ ತೆಗೆದರೂ ‘ಸಂಗ್ರಹ ಸ್ಥಳ ತುಂಬಿದೆ’ ಎಂಬ ಸೂಚನೆ. ಫೋನ್ ಕೊಂಡು ಎರಡು ವರ್ಷವೂ ಆಗಿರಲಿಲ್ಲ.

ಭಾನುವಾರ ಹುಬ್ಬಳ್ಳಿಯಿಂದ ಲ್ಯಾಪ್‌ಟಾಪ್ ಮತ್ತು ಒಂದು ಕೇಬಲ್ ಹಿಡಿದುಕೊಂಡು ಹೋದೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಒಂದೇ ಕಂಪನಿಯ ಚಾಳಿ ಎಂದು ನೀವು ನಂಬಿಬಿಡುತ್ತೀರಿ. 64 ಜಿಬಿ ಸಂಗ್ರಹ, 4 ಜಿಬಿ ರ‍್ಯಾಮ್‌ನ ಅಗ್ಗದ ಫೋನ್, ಅಂಥವು ನಿಮ್ಮ ಮನೆಯಲ್ಲೂ ಒಂದೆರಡು ಇರುತ್ತವೆ.

ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಪುಟ ತೆರೆದೆವು. ಫೋಟೊ, ವಿಡಿಯೊ ಸೇರಿ 17 ಜಿಬಿ. ಆ್ಯಪ್‌ಗಳು 15. ಕಡತ, ಕಸದ ಬುಟ್ಟಿ, ‘ಇತರೆ’ ಎಲ್ಲ ಸೇರಿ 12. ಇವೆಲ್ಲಕ್ಕಿಂತ ಮೇಲೆ, ಬೂದು ಬಣ್ಣದ ಪಟ್ಟಿಯಲ್ಲಿ, ಒತ್ತಿದರೂ ತೆರೆಯದ ‘ಸಿಸ್ಟಂ’ 18 ಜಿಬಿ. ಉಳಿದದ್ದು ಎರಡು.

“ಈ ಹದಿನೆಂಟು ಯಾರದ್ದು?” ಎಂದು ಕೇಳಿದರು ಕಾಕಾ.

“ಕಂಪನಿಯದ್ದು. ಆಂಡ್ರಾಯ್ಡ್, ಅದರ ಮೇಲೆ ಅವರು ಹೊದಿಸಿದ ಅವರದೇ ರೂಪ, ಅವರೇ ತುಂಬಿದ ಆ್ಯಪ್‌ಗಳು.”

“ನಮ್ಮಲ್ಲಿ ಚೀಲದ ತೂಕ ಕಳೆದು ಬಿಲ್ ಮಾಡುತ್ತೇವೆ ತಮ್ಮಾ. ಇವರು ಚೀಲವನ್ನೂ ಕಾಯಿ ಎಂದೇ ತೂಗಿದ್ದಾರಲ್ಲ.”

ಈ ಮಾತನ್ನು ನಾನು ಅಂದಿನಿಂದ ಹೊತ್ತು ತಿರುಗುತ್ತಿದ್ದೇನೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹೊದಿಕೆ ಬಿಟ್ಟು ನಿವ್ವಳ ತೂಕ ಇಷ್ಟು ಎಂದು ಮುದ್ರಿಸಲೇಬೇಕು, 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಇರುವುದೇ ಅದಕ್ಕೆ. ಫೋನಿನ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಇರುವುದು ಒಟ್ಟು ತೂಕ. ಬಳಸಲು ಸಿಗುವುದು ಇದಕ್ಕಿಂತ ಕಡಿಮೆ ಎಂಬ ಮಾತು ಇದ್ದರೆ ಎಲ್ಲೋ ಅಡಿಟಿಪ್ಪಣಿಯಲ್ಲಿ, ಎಷ್ಟು ಕಡಿಮೆ ಎಂಬ ಅಂಕಿ ಇಲ್ಲದೆ.

ಸರಿ, ಆ ಹದಿನೆಂಟರಲ್ಲಿ ಹಿಂದಕ್ಕೆ ಸಿಗುವುದೆಷ್ಟು? ಮೊದಲ ನಾಲ್ಕು ಜಿಬಿ ಸುಲಭವಾಗಿ ಸಿಕ್ಕಿತು. ‘ಹೆಚ್ಚುವರಿ ರ‍್ಯಾಮ್’, ‘ವರ್ಚುವಲ್ ರ‍್ಯಾಮ್’ ಎಂದು ಅಂಗಡಿಯವರು ಹೊಗಳಿ ಮಾರುತ್ತಾರಲ್ಲ, ಅದು ಎಲ್ಲಿಂದಲೂ ಹೊಸದಾಗಿ ಬರುವುದಿಲ್ಲ. ಸಂಗ್ರಹದಿಂದಲೇ ಒಂದು ಭಾಗ ಕತ್ತರಿಸಿ, ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಅಲ್ಲಿ ಇಡುತ್ತಾರೆ. ಕಾಕಾನ ಫೋನಿನಲ್ಲಿ ಅದು ಖರೀದಿಸಿದ ದಿನದಿಂದಲೂ 4 ಜಿಬಿಗೆ ಚಾಲೂ ಇತ್ತು. ಆಫ್ ಮಾಡಿ ಫೋನನ್ನು ಒಮ್ಮೆ ಬಂದ್ ಮಾಡಿ ಎಬ್ಬಿಸಿದಾಗ ಸಿಸ್ಟಂ 14ಕ್ಕೆ ಇಳಿದಿತ್ತು.

ಉಳಿದ ಹದಿನಾಲ್ಕು ಸಿಗುವುದೇ ಇಲ್ಲ. ಹಳೆಯ ಮನೆಗಳ ಗೋಡೆಯಲ್ಲಿ ದೀಪ ಇಡಲು ಕಟ್ಟಿದ ಮಾಡ ಇರುತ್ತದೆಯಲ್ಲ, ಅದರೊಳಗಿನ ಸಾಮಾನು ತೆಗೆದರೆ ಕೋಣೆಯೇನೂ ದೊಡ್ಡದಾಗುವುದಿಲ್ಲ. ಸಿಸ್ಟಂ ಭಾಗವೂ ಹಾಗೆಯೇ. ಅದರ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಓದಬಹುದು, ಅಳಿಸಲು ಬರುವುದಿಲ್ಲ. ಒಂದಕ್ಷರ ಬದಲಾದರೂ ಫೋನ್ ಗುರುತು ಹಿಡಿಯುವಂತೆ ಬೀಗ ಹಾಕಿರುತ್ತಾರೆ. ಭದ್ರತೆಯ ದೃಷ್ಟಿಯಿಂದ ಇದು ಒಳ್ಳೆಯದೇ. ನನ್ನ ತಕರಾರು ಬೀಗದ ಬಗ್ಗೆ ಅಲ್ಲ, ಬೀಗದೊಳಗೆ ಜಾಹೀರಾತಿನ ಆ್ಯಪ್ ಇಟ್ಟಿದ್ದರ ಬಗ್ಗೆ.

‘ಡಿಸೇಬಲ್’ ಒತ್ತಿದರೆ ಜಾಗ ಬರುತ್ತದೆ ಎಂದು ನಂಬಿದವರಿಗೆ ಇಲ್ಲೇ ಗೊಂದಲ. ಬರುತ್ತದೆ, ಆದರೆ ಅರ್ಧ. ಮೊದಲೇ ಬಂದ ಆ್ಯಪ್‌ನ ಮೂಲ ಪ್ರತಿ ಆ ಮಾಡದೊಳಗೆ ಇರುತ್ತದೆ. ಅಪ್‌ಡೇಟ್ ಬಂದಾಗ ಹೊಸ ಪ್ರತಿ ಅಲ್ಲಿ ಹೋಗಲಾರದು, ಆದ್ದರಿಂದ ನಿಮ್ಮ ಪಾಲಿನ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಒಂದೇ ಆ್ಯಪ್‌ಗೆ ಎರಡು ಪ್ರತಿ, ಹಳೆಯದು ಯಾರಿಗೂ ಬೇಡವಾದದ್ದು. ಡಿಸೇಬಲ್ ಮಾಡಿದರೆ ಹೊಸ ಪ್ರತಿಯೂ ಅದು ಕೂಡಿಟ್ಟ ಮಾಹಿತಿಯೂ ಹೋಗುತ್ತವೆ, ಹಳೆಯದು ಉಳಿಯುತ್ತದೆ.

ಕಂಪನಿಯದೇ ಬ್ರೌಸರ್ ಒಂದಿತ್ತು. ಕಾಕಾ ಅದನ್ನು ಒಮ್ಮೆಯೂ ತೆರೆದಿಲ್ಲ ಎಂದು ಆಣೆ ಮಾಡಿದರು. ಅದರ ಪುಟದಲ್ಲಿ ನೋಡಿದರೆ ಆ್ಯಪ್ 340 ಎಂಬಿ, ಮಾಹಿತಿ 620, ಕ್ಯಾಶ್ 140. ತೆರೆಯದ ಆ್ಯಪ್ ಏನನ್ನು ಕೂಡಿಟ್ಟಿತು? ಹೋಂ ಸ್ಕ್ರೀನನ್ನು ಬಲಕ್ಕೆ ಸರಿಸಿದಾಗ ಕಾಣುವ ಸುದ್ದಿಪಟ್ಟಿ, ದಿನಕ್ಕೆ ಹತ್ತು ಸಲ ಬರುವ ಸಿನಿಮಾ ಸುದ್ದಿಯ ನೋಟಿಫಿಕೇಷನ್, ಅವುಗಳ ಚಿತ್ರ, ಎಲ್ಲವೂ ಇದರ ಕೈಕೆಲಸ. ಮೂರೂ ಸೇರಿ ಸರಿಯಾಗಿ 1,100 ಎಂಬಿ. ಈ ಬ್ರೌಸರ್‌ಗೆ ‘ಅನ್‌ಇನ್‌ಸ್ಟಾಲ್’ ಗುಂಡಿಯೂ ಇಲ್ಲ, ‘ಡಿಸೇಬಲ್’ ಗುಂಡಿಯೂ ಇಲ್ಲ.

ಮೊದಲು ಗುಂಡಿ ಇದ್ದವನ್ನು ಮುಗಿಸಿದೆವು. ಆಟಗಳು, ಖರೀದಿಯ ಆ್ಯಪ್‌ಗಳು, ಸಾಲ ಕೊಡುವ ಆ್ಯಪ್‌ಗಳು, ಹನ್ನೊಂದು. ಇವು ನಮ್ಮ ಪಾಲಿನ ಜಾಗದಲ್ಲೇ ಇದ್ದವಾದ್ದರಿಂದ ಪೂರ್ತಿ ಹೋದವು, ಎರಡೂವರೆ ಜಿಬಿ ಬಂತು. ಡಿಸೇಬಲ್ ಮಾತ್ರ ಆಗುವವುಗಳಿಂದ ಇನ್ನು ಮೂರು. ಗುಂಡಿಯೇ ಇಲ್ಲದವಕ್ಕೆ ಕೇಬಲ್ ಬೇಕಾಯಿತು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ, ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡಿಬಗಿಂಗ್ ಚಾಲೂ ಮಾಡಿ, ಲ್ಯಾಪ್‌ಟಾಪ್‌ನಲ್ಲಿದ್ದ, ಆಂಡ್ರಾಯ್ಡ್ ಫೋನಿಗೆ ಹೊರಗಿನಿಂದ ಆಜ್ಞೆ ಕೊಡುವ ಎಡಿಬಿ ಎಂಬ ಸಾಧನದಲ್ಲಿ ಇಷ್ಟು ಬರೆದೆ. ಆ್ಯಪ್‌ನ ಹೆಸರಿನ ಜಾಗದಲ್ಲಿ ಇಲ್ಲಿ ಮಾದರಿ ಹೆಸರು ಹಾಕಿದ್ದೇನೆ:

```
adb shell pm list packages -s
adb shell pm uninstall --user 0 com.example.browser
adb shell cmd package install-existing com.example.browser
```

ಮೊದಲ ಸಾಲು ಸಿಸ್ಟಂ ಆ್ಯಪ್‌ಗಳ ಪಟ್ಟಿ ಕೊಡುತ್ತದೆ. ಎರಡನೆಯದು ಒಂದನ್ನು ಈ ಬಳಕೆದಾರನ ಪಾಲಿಗೆ ಇಲ್ಲದಂತೆ ಮಾಡುತ್ತದೆ. ಮಾಡದೊಳಗಿನ ಪ್ರತಿ ಅಲ್ಲೇ ಇರುವುದರಿಂದ ತಪ್ಪು ಮಾಡಿದರೆ ಮೂರನೆಯ ಸಾಲಿನಿಂದ ವಾಪಸ್ ತರಬಹುದು. ಆದರೆ ಫೋನ್ ಎದ್ದು ಕುಳಿತರೆ ಮಾತ್ರ! ಹೋಂ ಸ್ಕ್ರೀನ್, ಕೀಬೋರ್ಡ್, ಕಂಪನಿಯ ಭದ್ರತಾ ಆ್ಯಪ್ ಮುಂತಾದವನ್ನು ಮುಟ್ಟಿ, ಲೋಗೊ ದಾಟದೆ ಸುತ್ತುತ್ತಿರುವ ಫೋನ್ ಹಿಡಿದು ಅಂಗಡಿಗೆ ಹೋದವರನ್ನು ಬಲ್ಲೆ. ಹೆಸರು ನೋಡಿ ಅದು ಏನೆಂದು ಖಾತ್ರಿಯಾದವನ್ನು ಮಾತ್ರ ತೆಗೆಯಬೇಕು. ನಾನು ಬ್ರೌಸರ್, ಅವರದೇ ವಿಡಿಯೊ ಆ್ಯಪ್, ಲಾಕ್ ಸ್ಕ್ರೀನಿನಲ್ಲಿ ಚಿತ್ರದ ಹೆಸರಲ್ಲಿ ಜಾಹೀರಾತು ತರುವುದು ಹೀಗೆ ಐದು ತೆಗೆದೆ. ಎರಡು ಜಿಬಿ ಬಂತು, ಅದರಲ್ಲಿ ದೊಡ್ಡ ಪಾಲು ಆ ಬ್ರೌಸರ್‌ನದೇ. ಕೆಲಸ ಮುಗಿದ ಮೇಲೆ ಡಿಬಗಿಂಗ್ ಆಫ್ ಮಾಡಿ. ಅದು ಚಾಲೂ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ.

ಫೋನ್ ತಡವರಿಸುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು ರ‍್ಯಾಮ್. ಕ್ಯಾಮೆರಾ ತೆರೆಯಿರಿ, ವಾಟ್ಸ್‌ಆ್ಯಪ್‌ಗೆ ಹೋಗಿ, ಮತ್ತೊಂದು ಆ್ಯಪ್ ತೆರೆದು ಮತ್ತೆ ವಾಟ್ಸ್‌ಆ್ಯಪ್‌ಗೆ ಬನ್ನಿ. ಬಿಟ್ಟ ಸಂದೇಶದಲ್ಲೇ ಇದ್ದರೆ ಸರಿ. ಹಸಿರು ಗುರುತು ತೋರಿಸಿ ಮೊದಲಿನಿಂದ ತೆರೆದುಕೊಂಡರೆ, ಜಾಗ ಸಾಲದೆ ಆಂಡ್ರಾಯ್ಡ್ ಅದನ್ನು ಹೊರಹಾಕಿದೆ ಎಂದರ್ಥ. ಸುದ್ದಿಪಟ್ಟಿ, ಥೀಮ್ ಅಂಗಡಿ, ‘ಸ್ವಚ್ಛ ಮಾಡುವ’ ಆ್ಯಪ್ ಇವೆಲ್ಲ ಹಿನ್ನೆಲೆಯಲ್ಲಿ ಕುಳಿತು ರ‍್ಯಾಮ್ ಹಿಡಿದಿರುತ್ತವೆ. 4 ಜಿಬಿಯಲ್ಲಿ ಆಂಡ್ರಾಯ್ಡ್ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿಯುವುದೇ ಕಡಿಮೆ.

ಇನ್ನೊಂದು ಸಂಗ್ರಹದ ಚಿಪ್. ಆ್ಯಪ್ ತೆರೆದೇ ಇದೆ, ಆದರೆ ಹಿನ್ನೆಲೆಯಲ್ಲಿ ಏನಾದರೂ ಡೌನ್‌ಲೋಡ್ ಅಥವಾ ಅಪ್‌ಡೇಟ್ ಆಗುವಾಗ ಇಡೀ ಫೋನ್ ನಿಂತು ನಿಂತು ನಡೆಯುತ್ತದೆ ಎಂದರೆ ತೊಂದರೆ ಅಲ್ಲಿದೆ. ಅಗ್ಗದ ಫೋನ್‌ಗಳಲ್ಲಿರುವ ಇಎಂಎಂಸಿ ಚಿಪ್ ಒಂದು ಸಮಯಕ್ಕೆ ಓದುತ್ತದೆ ಇಲ್ಲವೇ ಬರೆಯುತ್ತದೆ. ದುಬಾರಿ ಫೋನ್‌ಗಳ ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡಬಲ್ಲದು. ಜೊತೆಗೆ ಚಿಪ್ ತುಂಬಿ ತುಳುಕುತ್ತಿದ್ದರೆ ಹೊಸದನ್ನು ಬರೆಯುವ ಮುನ್ನ ಹಳೆಯದನ್ನು ಅತ್ತಿತ್ತ ಸರಿಸಿ ಜಾಗ ಮಾಡಿಕೊಳ್ಳಬೇಕು. ಕಾಕಾನ ಫೋನಿನಲ್ಲಿ ಎರಡೂ ರೋಗ ಇದ್ದವು, ಮೇಲಿಂದ ಆ ವರ್ಚುವಲ್ ರ‍್ಯಾಮ್ ಬಿಡುವಿಲ್ಲದ ಅದೇ ಚಿಪ್‌ಗೆ ಇನ್ನಷ್ಟು ಓದು-ಬರಹ ಹೊರಿಸುತ್ತಿತ್ತು. ರ‍್ಯಾಮ್ ಕಡಿಮೆ ಇರುವ, ಇಎಂಎಂಸಿ ಇರುವ ಫೋನಿಗೇ ಅದನ್ನು ಹೆಮ್ಮೆಯಿಂದ ಜಾಹೀರಾತು ಮಾಡುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಇಷ್ಟಾದರೂ ಕಂಪನಿಯ ರೂಪವೆಲ್ಲ ಕಸ ಎನ್ನಲಾರೆ. ಒಂದೇ ಫೋನಿನಲ್ಲಿ ಎರಡು ವಾಟ್ಸ್‌ಆ್ಯಪ್, ಒಂದು ಮನೆಗೆ ಒಂದು ಅಂಗಡಿಗೆ, ಕಾಕಾನಿಗೆ ಕೊಟ್ಟಿದ್ದು ಅದೇ. ಅದಕ್ಕೂ ಬೆಲೆ ಇದೆ ಎನ್ನಿ: ಎರಡನೆಯದರ ಫೋಟೊ, ವಿಡಿಯೊ ಬೇರೆಯೇ ಕಪಾಟಿನಲ್ಲಿ ಇರುತ್ತವೆ. ಒಂದೇ ಶುಭೋದಯದ ವಿಡಿಯೊ ಎರಡೂ ಕಡೆ ಬಂದರೆ ಎರಡು ಸಲ ಜಾಗ ತಿನ್ನುತ್ತದೆ. ಅಂಥವನ್ನು ಅಳಿಸಿದಾಗ ನಾಲ್ಕು ಜಿಬಿ ಸಿಕ್ಕಿತು.

ಈ ಆ್ಯಪ್‌ಗಳಿಂದ ಬರುವ ಹಣದಿಂದಲೇ ಫೋನ್ ಅಗ್ಗವಾಗಿದೆ ಎಂದು ವಾದಿಸುವವರಿದ್ದಾರೆ. ಇರಬಹುದು. ಹಾಗಿದ್ದರೆ ಡಬ್ಬಿಯ ಮೇಲೆ ಅದನ್ನೇ ಬರೆಯಲಿ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ತನ್ನ ಆ್ಯಪ್‌ಗಳ ಇಡೀ ಗಂಟನ್ನು ತಯಾರಕರಿಗೆ ಕಟ್ಟುತ್ತದೆ ಎಂಬುದೂ ಆ ಪ್ರಕರಣದಲ್ಲಿತ್ತು. ಮರು ಜನವರಿಯಲ್ಲಿ ಗೂಗಲ್, ಭಾರತದಲ್ಲಿ ತಯಾರಕರು ಬೇಕಾದ ಆ್ಯಪ್ ಮಾತ್ರ ಆರಿಸಿ ಹಾಕಬಹುದು ಎಂದಿತು. ಆದರೆ ತಯಾರಕರು ತಾವೇ ಕಟ್ಟುವ ಗಂಟು ಅದರಿಂದ ಹಗುರಾಗಲಿಲ್ಲ.

ಸಂಜೆ ಹೊರಡುವಾಗ ಹದಿನೇಳೂವರೆ ಜಿಬಿ ಖಾಲಿ ಇತ್ತು. ಕ್ಯಾಮೆರಾ ಎರಡು ಸೆಕೆಂಡಿನೊಳಗೆ ತೆರೆಯುತ್ತಿತ್ತು. ಕಾಕಾ ಮೂರು ಸಲ ತೆರೆದು ಮುಚ್ಚಿ ನೋಡಿದರು. ಹೊಸ ಫೋನಿನಂತೇನೂ ಆಗಲಿಲ್ಲ. ವಾಟ್ಸ್‌ಆ್ಯಪ್ ಈಗಲೂ ಆಗೊಮ್ಮೆ ಈಗೊಮ್ಮೆ ಮೊದಲಿನಿಂದ ತೆರೆದುಕೊಳ್ಳುತ್ತದೆ, 4 ಜಿಬಿ ನಾಲ್ಕೇ.

ಕಳೆದ ವಾರ ಸಿಸ್ಟಂ ಅಪ್‌ಡೇಟ್ ಬಂದಿದೆ. ಮರುದಿನ ಕಾಕಾ ಫೋನ್ ಮಾಡಿದರು. ಆ ಬ್ರೌಸರ್ ವಾಪಸ್ ಬಂದು ಕುಳಿತಿದೆ, ಜೊತೆಗೆ ಹೋಂ ಸ್ಕ್ರೀನಿನಲ್ಲಿ ‘ಶಿಫಾರಸು’ ಎಂಬ ಹೊಸ ಪೆಟ್ಟಿಗೆ, ಅದರೊಳಗೆ ನಾಲ್ಕು ಆಟ. ಭಾನುವಾರ ಕೇಬಲ್ ಹಿಡಿದುಕೊಂಡು ಮತ್ತೆ ಬ್ಯಾಡಗಿಗೆ ಹೊರಟಿದ್ದೇನೆ.