ಗೊರಸಿಗೆ ಗರಸು

ಮೊದಲು ಅನುಮಾನ ಬಂದದ್ದು ನನ್ನ ಕಾಲಿನ ಮೇಲೆ. ಆ ವರ್ಷ ನಮ್ಮ ತುಮಕೂರು ಕಡೆ ಹಿಡಿದ ಮಳೆ ಬಿಡಲೇ ಇಲ್ಲ. ಕೆಸರು ತುಳಿದು ತುಳಿದು ನನ್ನ ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು ಎದ್ದಿತ್ತು. ಹಾಗಾಗಿ ಕುರಿ ರೊಪ್ಪದಿಂದ ಬಂದವನನ್ನು ಬಾಗಿಲಲ್ಲೇ ತಡೆದು ಹೆಂಡತಿ, "ರೀ, ಆ ಕಾಲು ಹೊರಗೇ ಬಿಟ್ಟು ಬನ್ನಿ" ಎಂದಾಗ ನಾನು ತಕರಾರು ಮಾಡಲಿಲ್ಲ. ಸೋಪು ಹಚ್ಚಿ ಮೂರು ಸಲ ತೊಳೆದೆ. ವಾಸನೆ ಹೋಗಲಿಲ್ಲ. ಕೊನೆಗೆ ನೋಡಿದರೆ ಅದು ಇದ್ದದ್ದು ಪಂಚೆಯಲ್ಲಿ, ಟಗರು ಕಾಲು ಊರಿದ್ದ ಜಾಗದಲ್ಲಿ.

ಟಗರು ಹೊಸದು. ಸಂತೆಯಲ್ಲಿ ಕೊಳ್ಳುವಾಗಲೇ ಸ್ವಲ್ಪ ಕುಂಟುತ್ತಿತ್ತು. "ಗಾಡೀಲಿ ನಿಂತು ನಿಂತು ಕಾಲು ಹಿಡ್ಕೊಂಡಿದೆ ಸಾರ್, ನಾಳೆ ಓಡುತ್ತೆ" ಎಂದ ಮಾರಿದವನು. ನಾನೂ ಬಸ್ಸಲ್ಲಿ ನಿಂತೇ ಹೋಗಿದ್ದೆ, ನನಗೂ ಕಾಲು ಹಿಡಿದಿತ್ತು. ನಂಬಿದೆ. ತಂದವನೇ 21 ಕುರಿಗಳ ಜೊತೆ ಬಿಟ್ಟೆ. ಹೊಸ ಕುರಿಯನ್ನು ಮೂರ್ನಾಲ್ಕು ವಾರ ಬೇರೆ ಕಟ್ಟಬೇಕು ಅಂತ ಗೊತ್ತಿರಲಿಲ್ಲ ಅಂತಲ್ಲ. ಕಟ್ಟಲು ಬೇರೆ ಜಾಗ ಇರಲಿಲ್ಲ, ಅಷ್ಟೆ.

ಎರಡು ವಾರದಲ್ಲಿ ಒಂದು ಚಂದದ ದೃಶ್ಯ ಕಂಡಿತು. ಎರಡು ಕುರಿ ಮುಂಗಾಲು ಮಡಚಿ, ಮಂಡಿಯೂರಿ ಮೇಯುತ್ತಿದ್ದವು. ನಾನು ಫೋಟೋ ತೆಗೆದು 'ಭೂಮಿತಾಯಿಗೆ ನಮಸ್ಕಾರ' ಎಂದು ಬರೆದು ನೆಂಟರ ಗ್ರೂಪಿಗೆ ಹಾಕಿದೆ. ಹದಿನಾರು ಜನ ಕೈ ಮುಗಿದರು. ಪಕ್ಕದ ಹೊಲದ ಅಜ್ಜ ಮಾತ್ರ ಬೇಲಿ ಆಚೆಯಿಂದಲೇ ಕೂಗಿದರು. "ಭಕ್ತಿ ಅಲ್ಲ ಕಣೋ ಮಗಾ, ಕಾಲು ಊರಕ್ಕಾಗ್ತಿಲ್ಲ ಅವಕ್ಕೆ. ಎತ್ತಿ ನೋಡು."

ಎತ್ತಿ ನೋಡಿದೆ. ಎರಡು ಗೊರಸಿನ ನಡುವೆ ಚರ್ಮ ಕೆಂಪಾಗಿ, ಒದ್ದೆಯಾಗಿ, ಬೂದು ಬಣ್ಣದ ಲೋಳೆ. ಟಗರಿನದು ಇನ್ನೂ ಮುಂದೆ ಹೋಗಿತ್ತು. ಒಳಗಡೆಯ ಗೊರಸು ಚಪ್ಪಲಿಯ ಅಟ್ಟೆ ಬಿಟ್ಟ ಹಾಗೆ ಬಿಟ್ಟುಕೊಂಡಿತ್ತು. ವಾಸನೆಯ ವಿಚಾರ ನಮ್ಮ ಮನೆಯವಳನ್ನೇ ಕೇಳಿ.

ಇಲ್ಲಿಂದ ನನ್ನ ವೈದ್ಯ ವೃತ್ತಿ ಶುರು. ಕೊಳೆತದ್ದನ್ನು ಕತ್ತರಿಸಿ ತೆಗೆಯಬೇಕು ಅಂತ ನನಗೆ ನಾನೇ ತೀರ್ಮಾನಿಸಿದೆ. ಮನೆಯಲ್ಲಿ ಗುಲಾಬಿ ಗಿಡ ಸವರುವ ಕತ್ತರಿ ಇತ್ತು. ಟಗರನ್ನು ಕುಂಡೆ ಮೇಲೆ ಕೂರಿಸಿ, ಬೆನ್ನಿಗೆ ನನ್ನ ಮಂಡಿ ಕೊಟ್ಟು, ರಕ್ತ ಬರುವವರೆಗೂ ಕತ್ತರಿಸಿದೆ. ಅದೇ ಕತ್ತರಿಯಲ್ಲಿ ಇನ್ನು ಐದು ಕುರಿಗಳ ಗೊರಸು ತೆಗೆದೆ. ಅವುಗಳಲ್ಲಿ ಮೂರು ಸುಮ್ನೆ ಉದ್ದ ಬೆಳೆದಿದ್ದವು, ರೋಗವೇನೂ ಇರಲಿಲ್ಲ. ಕತ್ತರಿಸಿದ ಚೂರು ಅಲ್ಲೇ ಬಿಸಾಕಿದೆ. ವಾರದಲ್ಲಿ ಆ ಮೂರೂ ಕುಂಟಿದವು.

ಪಶುವೈದ್ಯರು ಬಂದವರೇ ಕಾಲು ನೋಡಲಿಲ್ಲ. ಬಾಯಿ ಬಿಡಿಸಿದರು, ಜ್ವರ ನೋಡಿದರು. ಮಳೆಗಾಲದಲ್ಲಿ ಕುರಿ ಕುಂಟಿದರೆ ಕಾಲುಬಾಯಿ ಜ್ವರವೂ ಇರಬಹುದು, ನೀಲಿ ನಾಲಿಗೆ ರೋಗವೂ ಇರಬಹುದಂತೆ. ಬಾಯಲ್ಲಿ ಹುಣ್ಣಿಲ್ಲ, ಮೂತಿ ಊದಿಲ್ಲ. ಆಮೇಲೆ ಕಾಲು ಹಿಡಿದು ಮೂಸಿ, "ಗೊರಸು ಕೊಳೆ ರೋಗ" ಎಂದರು. ನಂತರ ನನ್ನ ಕತ್ತರಿ ನೋಡಿದರು.

"ಇದರಲ್ಲಿ ಎಷ್ಟಕ್ಕೆ ಮಾಡಿದ್ರಿ?"

"ಆರಕ್ಕೆ, ಸಾರ್."

"ಒಂದೊಂದಕ್ಕೂ ತೊಳೆದ್ರಾ?"

ನಾನು ಟಗರಿನ ಮುಖ ನೋಡಿದೆ. ಅದೂ ಸಹಾಯಕ್ಕೆ ಬರಲಿಲ್ಲ.

ಅವರು ಹೇಳಿದ್ದು ನಾನು ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಕೊಳೆತಿರುವಾಗ ಕತ್ತರಿಸಲೇಬಾರದು. ಕೆಳಗಿನ ಹಸಿ ಮಾಂಸ ಬಯಲಾಗಿ ಗಾಯ ಮಾಯುವುದು ಇನ್ನೂ ತಡವಾಗುತ್ತದೆ. ಕುಂಟುವ ಕುರಿಗೆ ತೂಕ ನೋಡಿ ಆ್ಯಂಟಿಬಯಾಟಿಕ್ ಚುಚ್ಚುಮದ್ದು, ಗೊರಸಿಗೆ ಸ್ಪ್ರೇ. ಅದನ್ನು ಅವರೇ ಮಾಡಿದರು. ಕುಂಟು ನಿಂತ ಮೇಲೂ ಗೊರಸು ವಿಕಾರವಾಗಿ ಬೆಳೆದಿದ್ದರೆ ಆಗ ತುದಿ ಮಾತ್ರ ಸವರಬೇಕು, ರಕ್ತ ಕಾಣಬಾರದು, ಪ್ರತಿ ಕುರಿಗೂ ಕತ್ತರಿಯನ್ನು ಕ್ರಿಮಿನಾಶಕದಲ್ಲಿ ಅದ್ದಬೇಕು. ಇನ್ನು ಆ ಚೂರುಗಳು. ಈ ರೋಗಾಣು ಬರೀ ಮಣ್ಣಿನಲ್ಲಿ ಹೆಚ್ಚೆಂದರೆ ಒಂದೆರಡು ವಾರ ಬದುಕುತ್ತದೆ, ಗೊರಸಿನ ಚೂರಿನಲ್ಲಿ ಅದಕ್ಕಿಂತ ಜಾಸ್ತಿ ದಿನ ಇರುತ್ತದೆ. ಆ ಸಂಜೆ ನಾನು ಹಿಕ್ಕೆ ರಾಶಿಯಲ್ಲಿ ಟಾರ್ಚು ಹಿಡಿದು ಚೂರು ಹೆಕ್ಕಿ ಸುಟ್ಟೆ. ಬಿದ್ದ ಓಲೆ ಹುಡುಕುತ್ತಿದ್ದೇನೆ ಅಂದುಕೊಂಡು ದಾರಿಹೋಕರಿಬ್ಬರು ನೆರವಿಗೆ ಬಂದರು. ವಿಷಯ ತಿಳಿದು ಹೋದರು.

ಮುಂದಿನದು ಕಾಲುಸ್ನಾನ. ಅಜ್ಜ ಮೈಲುತುತ್ತ ಎಂದರು. ಅದು ಕೆಲಸ ಮಾಡುತ್ತದೆ, ಆದರೆ ಅದರಲ್ಲಿರುವ ತಾಮ್ರ ಕುರಿಗೆ ಬೇಗ ವಿಷವಾಗುತ್ತದೆ, ಕುಡಿದರೆ ಕಷ್ಟ ಎಂದು ಡಾಕ್ಟರು ಝಿಂಕ್ ಸಲ್ಫೇಟ್ ಬರೆದರು. ಅದು ಸಿಗುವುದು ಗೊಬ್ಬರದ ಅಂಗಡಿಯಲ್ಲಿ.

"ಐದು ಕೆಜಿ ಕೊಡಿ."

"ಭತ್ತಕ್ಕಾ, ಜೋಳಕ್ಕಾ? ಎಷ್ಟು ಎಕರೆ?"

"ಕಾಲಿಗೆ. ಎಂಬತ್ತೆಂಟು ಕಾಲು."

ಲೆಕ್ಕ ಸುಲಭ, 10 ಲೀಟರ್ ನೀರಿಗೆ 1 ಕೆಜಿ. ಆರಡಿ ಉದ್ದ, ಸುಮಾರು ಒಂದೂಮುಕ್ಕಾಲು ಅಡಿ ಅಗಲದ ತೊಟ್ಟಿಗೆ 50 ಲೀಟರ್ ಸುರಿದರೆ ಎರಡಂಗುಲ ಆಳ ನಿಲ್ಲುತ್ತದೆ. ಗೊರಸು ಮುಳುಗಲು ಅಷ್ಟು ಸಾಕು. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಬೆರೆಸಿದರೆ ಔಷಧಿ ಸಂದಿಗೆ ಚೆನ್ನಾಗಿ ಇಳಿಯುತ್ತದೆ. ಅದು ಅಡುಗೆಮನೆಯಿಂದ ಹೋದದ್ದು ಮನೆಯಲ್ಲಿ ಬೇರೆಯೇ ರೋಗಕ್ಕೆ ಕಾರಣವಾಯಿತು.

ಕುರಿಗಳು ತೊಟ್ಟಿಯಲ್ಲಿ 15 ನಿಮಿಷ ನಿಲ್ಲಬೇಕು. ಓದಲು ಎಷ್ಟು ಚೆನ್ನಾಗಿದೆ! ಮೊದಲ ಕುರಿ ತೊಟ್ಟಿಯ ಅಂಚಿಗೆ ಬಂದು, ನೀರು ನೋಡಿ, ಆರಡಿಯನ್ನೂ ಒಂದೇ ನೆಗೆತಕ್ಕೆ ದಾಟಿತು. ಕುರಿಗಳಿಗೆ ಗೊತ್ತಲ್ಲ, ಒಂದು ಹಾರಿದರೆ ಎಲ್ಲವೂ ಹಾರಬೇಕು. ತಡೆಯಲು ಹೋದ ನಾನು ಎರಡೂ ಕಾಲು ಒಳಗಿಟ್ಟು ಜಾರಿ ಕೂತೆ. ಆ ದಿನ ಸರಿಯಾಗಿ ಔಷಧಿಯಲ್ಲಿ ನಿಂತವನು, ಕೂತವನು ಕೂಡ, ನಾನೊಬ್ಬನೇ.

ಮರುದಿನ ಅಜ್ಜ ಬಂದರು. ತೊಟ್ಟಿಯ ಎರಡೂ ಬದಿ ತಟ್ಟಿ ಕಟ್ಟಿಸಿ, ಎರಡು ತುದಿಗೂ ಗೇಟು ಇಟ್ಟು, ನಾಲ್ಕು ನಾಲ್ಕು ಕುರಿ ಒಳಗೆ ಹಾಕಿ ಮುಚ್ಚಿದರು. ಮೊದಲೇ ಹೊಟ್ಟೆ ತುಂಬ ನೀರು ಕುಡಿಸಿದ್ದರಿಂದ ತೊಟ್ಟಿಗೆ ಯಾವುದೂ ಬಾಯಿ ಹಾಕಲಿಲ್ಲ. ಬರುವ ದಾರಿಯಲ್ಲೇ ಬರೀ ನೀರಲ್ಲಿ ಕಾಲಿನ ಕೆಸರು ತೊಳೆಸಿದರು, ಇಲ್ಲದಿದ್ದರೆ ನಾಲ್ಕೇ ಕುರಿಗೆ ಔಷಧಿ ರಾಡಿಯಾಗುತ್ತದೆ. ಕುಂಟದವು ಮೊದಲು, ಕುಂಟುವವು ಕೊನೆಗೆ. ಆಮೇಲೆ ಕಣದ ಚಪ್ಪಡಿ ಮೇಲೆ ಒಂದು ಗಂಟೆ ಒಣಗಲು ನಿಲ್ಲಿಸಿದೆವು. ಹೀಗೆ ವಾರಕ್ಕೊಮ್ಮೆ, ನಾಲ್ಕು ಸಲ.

ಎರಡನೇ ವಾರ ಅಜ್ಜ ರೊಪ್ಪದೊಳಗೆ ಹೋಗಿ ಬರಿಗಾಲಲ್ಲಿ ಒಂದು ಸುತ್ತು ಹಾಕಿದರು. "ಗೊರಸಿಗೆ ಎಷ್ಟು ಮದ್ದು ಹಾಕಿದ್ರೂ ಅಷ್ಟೇ. ಇಲ್ಲಿ ಗರಸು ಹಾಕು ಮಗಾ." ಅವರು ತೋರಿಸಿದ್ದು ಗೇಟಿನ ಬಾಯಿ. ಎಲ್ಲ ಕುರಿಯೂ ದಿನಕ್ಕೆರಡು ಸಲ ತುಳಿಯುವ ಜಾಗ ಅದು, ಅಲ್ಲೇ ಗುಂಡಿ, ಅಲ್ಲೇ ಕೆಸರು. ಒಂದು ಕುಂಟು ಕುರಿ ಬಿಟ್ಟುಹೋದದ್ದನ್ನು ಹಿಂದಿನ ಇಪ್ಪತ್ತೊಂದೂ ತುಳಿಯುತ್ತಿದ್ದವು. ನೆನೆದು ಮೆತ್ತಗಾದ ಚರ್ಮಕ್ಕೆ ರೋಗ ಸುಲಭವಾಗಿ ಹತ್ತುತ್ತದೆ. ನೀರಿನ ಬಾನಿ ರೊಪ್ಪದ ಮೂಲೆಯಲ್ಲೇ ಸೋರುತ್ತಿತ್ತು. ಸೂರಿನ ನೀರೂ ಒಳಕ್ಕೇ ಬೀಳುತ್ತಿತ್ತು. ನಾನು ಎರಡು ವಾರದಿಂದ ಒಂದು ಕಡೆ ಔಷಧಿಯ ಸ್ನಾನ, ಇನ್ನೊಂದು ಕಡೆ ರೋಗದ ಸ್ನಾನ ಮಾಡಿಸುತ್ತಿದ್ದೆ.

ಬಾನಿ ಹೊರಗೆ ಹೋಯಿತು. ಸೂರಿಗೆ ದೋಣಿ ಬಂತು. ಹಿಕ್ಕೆ, ಕೆಸರು ಕೆರೆದು ತೆಗೆದು ಎರಡು ಟ್ರ್ಯಾಕ್ಟರ್ ಗರಸು ಸುರಿಸಿ, ಅರ್ಧ ಅಡಿ ಎತ್ತರಿಸಿ, ಹೊರಕ್ಕೆ ಇಳಿಜಾರು ಕೊಟ್ಟೆ. ಮುಂದಿನ ಎರಡು ವಾರ ಕುರಿಗಳು ಕಣದಲ್ಲೇ ಮಲಗಿದವು, ಕುಂಟುವವು ಬೇರೆ, ಉಳಿದವು ಬೇರೆ. ರೊಪ್ಪ ಖಾಲಿ ಇತ್ತು. ಕುರಿಯ ಕಾಲು ಸಿಗದಿದ್ದರೆ ರೋಗಾಣುವಿಗೂ ಅಲ್ಲಿ ಬಾಳುವೆ ಇಲ್ಲ.

ಎಲ್ಲವೂ ನಡೆದಾಡಿದವು, ಟಗರು ಬಿಟ್ಟು. ಎರಡು ಸುತ್ತು ಚುಚ್ಚುಮದ್ದಾದರೂ ಮತ್ತೆ ಅದೇ ಲೋಳೆ. "ಇದನ್ನ ಇಟ್ಕೊಂಡ್ರೆ ಮುಂದಿನ ಮಳೆಗೆ ಮತ್ತೆ ಹಂಚುತ್ತೆ. ಸಾಕೋರಿಗೆ ಮಾರಬೇಡಿ, ಔಷಧಿ ಮೈಯಿಂದ ಇಳಿಯುವ ಗಡುವು ಮುಗಿದ ಮೇಲೆ ಮಾಂಸದವರಿಗೆ ಕೊಡಿ" ಎಂದರು ಡಾಕ್ಟರು. ಸಂತೆಯಲ್ಲಿ ಹಗ್ಗ ಹಿಡಿದು ನಿಂತಿದ್ದೆ. ಒಬ್ಬ ಹುಡುಗ ಬಂದು, "ಸಾಕಕ್ಕೆ ಬೇಕಿತ್ತು. ಯಾಕಣ್ಣ ಕುಂಟ್ತಿದೆ?" ಎಂದ. 'ಗಾಡೀಲಿ ನಿಂತು' ಅನ್ನುವವರೆಗೂ ನಾಲಿಗೆ ಬಂದಿತ್ತು. ನುಂಗಿಕೊಂಡು ಟಗರಿನ ಕಾಲೆತ್ತಿ ಅವನ ಮೂಗಿನ ಹತ್ತಿರ ಹಿಡಿದೆ.

ಅಂದಹಾಗೆ, ನನ್ನ ಕೆಸರುಹುಣ್ಣು ಅಷ್ಟರಲ್ಲಿ ಒಣಗಿತ್ತು. ತೊಟ್ಟಿಯಲ್ಲಿ ಬಿದ್ದದ್ದಕ್ಕೇ ಎನ್ನುತ್ತಾಳೆ ಹೆಂಡತಿ. ಈ ಮಳೆಗಾಲಕ್ಕೂ ತೊಟ್ಟಿ ತೊಳೆದಿಟ್ಟಿದ್ದಾಳೆ, ಕುರಿಗಳಿಗೋ ನನಗೋ ಹೇಳುತ್ತಿಲ್ಲ.